ಒಂದೇ ಲಾರಿ ಬಿಲ್ಲು, ಮೂವರ ಕಣ್ಣು: ಆಂತರಿಕ ನಿಯಂತ್ರಣ, ಇಂಟರ್ನಲ್ ಆಡಿಟ್, ಸ್ಟ್ಯಾಚುಟರಿ ಆಡಿಟ್ – ನಿಮ್ಮ ಕಂಪನಿಗೆ ಯಾವುದು, ಯಾವಾಗ?

ಮಧ್ಯಮ ಗಾತ್ರದ ಕಂಪನಿಗಳ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ವರ್ಷಾ ವರ್ಷ ಸಿಎ ಬಂದು ಆಡಿಟ್ ಮಾಡಿ ಸಹಿ ಹಾಕ್ತಾರಲ್ಲ, ಮತ್ತೆ ಇಂಟರ್ನಲ್ ಆಡಿಟ್ ಅಂತ ಇನ್ನೊಬ್ಬರಿಗೆ ಯಾಕೆ ದುಡ್ಡು ಕೊಡಬೇಕು?" ಕೇಳುವುದರಲ್ಲಿ ತಪ್ಪಿಲ್ಲ. ಇಬ್ಬರೂ ಅದೇ ವೋಚರ್ ಫೈಲು ತೆಗೆಸುತ್ತಾರೆ, ಅದೇ ಅಕೌಂಟೆಂಟನ್ನು ಕೂರಿಸಿಕೊಂಡು ಕೇಳುತ್ತಾರೆ. ಆದರೆ ಇಬ್ಬರೂ ಹುಡುಕುತ್ತಿರುವುದು ಬೇರೆ ಬೇರೆ. ಇವರಿಬ್ಬರಿಗೂ ಮುಂಚೆ ಇರಬೇಕಾದ ಮೂರನೆಯದೊಂದಿದೆ, ಅದೇ ಆಂತರಿಕ ಹಣಕಾಸು ನಿಯಂತ್ರಣ. ಅದು ಯಾವ ಆಡಿಟರ ಕೆಲಸವೂ ಅಲ್ಲ, ಪೂರ್ತಿ ಕಂಪನಿಯದೇ.

ವ್ಯತ್ಯಾಸವನ್ನು ವ್ಯಾಖ್ಯೆಗಳಲ್ಲಿ ಹೇಳಿದರೆ ಮೂರೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಒಂದು ಕಂಪನಿಯ ಒಂದೇ ಖರ್ಚನ್ನು ಹಿಡಿದುಕೊಂಡು ಮೂರು ಕಡೆಯಿಂದ ನೋಡೋಣ. ಕಂಪನಿ ಕಲ್ಪಿತ, ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ತೊಂದರೆ ಮಾತ್ರ ಸಾಗಣೆ ಇರುವ ಕಡೆಯಲ್ಲೆಲ್ಲ ಬರುವಂಥದ್ದು.

ಕಂಪನಿಯ ಚಿತ್ರ

ಬೆಂಗಳೂರಿನ ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ವಹಿವಾಟು 140 ಕೋಟಿ ರೂಪಾಯಿ, ತೆರಿಗೆಗೆ ಮುಂಚಿನ ಲಾಭ 7 ಕೋಟಿ. ಬ್ಯಾಂಕಿನ ಸಾಲ ವರ್ಷದಲ್ಲಿ ಅತಿ ಹೆಚ್ಚಾದಾಗ 27 ಕೋಟಿ. ಮಾಲು ಗಿರಾಕಿಗಳಿಗೆ ಹೋಗುವುದು ಹೊರಗಿನ ಲಾರಿಗಳಲ್ಲಿ. ವರ್ಷದ ಲಾರಿ ಬಾಡಿಗೆ 4.2 ಕೋಟಿ; ಸುಮಾರು 3,500 ಬಿಲ್ಲು, ಒಂದೊಂದು ಸರಾಸರಿ 12,000 ರೂಪಾಯಿಯದು.

ಈ ಬಿಲ್ಲುಗಳಲ್ಲಿ 66 ಬಿಲ್ಲುಗಳು ಎರಡನೇ ಸಲ ಪಾವತಿಯಾಗಿವೆ. ಮೊತ್ತ 7,92,000 ರೂಪಾಯಿ. ಇದು ಯಾರಿಗೆ ಕಾಣಬೇಕಿತ್ತು, ಯಾಕೆ ಕಾಣಲಿಲ್ಲ ಎಂಬುದೇ ಈ ಹೋಲಿಕೆಯ ತಿರುಳು.

ಮೊದಲು ಕಾನೂನು: ನಿಮಗೆ ಆಯ್ಕೆ ಇದೆಯೇ?

ವರ್ಷಾ ವರ್ಷ ಸಿಎ ಬಂದು ಸಹಿ ಹಾಕುವ ಸ್ಟ್ಯಾಚುಟರಿ ಆಡಿಟಿನಲ್ಲಿ ಆಯ್ಕೆಯೇ ಇಲ್ಲ. ಕಂಪನಿ ಎಂದು ನೋಂದಣಿಯಾದ ಮೇಲೆ ವಹಿವಾಟು ಎಷ್ಟೇ ಇರಲಿ, 2013ರ ಕಂಪನಿ ಕಾಯ್ದೆಯ ಪ್ರಕಾರ ಅದು ಆಗಲೇಬೇಕು.

ಇಂಟರ್ನಲ್ ಆಡಿಟ್ ಹಾಗಲ್ಲ. ಕಾಯ್ದೆಯ 138ನೇ ಸೆಕ್ಷನ್ ಮತ್ತು 2014ರ ಅಕೌಂಟ್ಸ್ ನಿಯಮಗಳ 13ನೇ ನಿಯಮ ಒಂದು ಗೆರೆ ಎಳೆದಿವೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಎಲ್ಲ ಕಂಪನಿಗಳಿಗೂ ಅದು ಕಡ್ಡಾಯ. ಪ್ರೈವೇಟ್ ಕಂಪನಿಗೆ ಕಡ್ಡಾಯವಾಗುವುದು ಹಿಂದಿನ ಹಣಕಾಸು ವರ್ಷದ ವಹಿವಾಟು 200 ಕೋಟಿ ಮುಟ್ಟಿದ್ದರೆ, ಇಲ್ಲವೇ ಬ್ಯಾಂಕು ಅಥವಾ ಸಾರ್ವಜನಿಕ ಹಣಕಾಸು ಸಂಸ್ಥೆಗಳ ಬಾಕಿ ಸಾಲ ಆ ವರ್ಷದ ಯಾವುದೇ ಒಂದು ದಿನ 100 ಕೋಟಿ ದಾಟಿದ್ದರೆ. ಲಿಸ್ಟ್ ಆಗದ ಪಬ್ಲಿಕ್ ಕಂಪನಿಗೆ ಇವೆರಡರ ಜೊತೆ ಇನ್ನೆರಡು ಅಳತೆಗಳಿವೆ: ಪಾವತಿಯಾದ ಷೇರು ಬಂಡವಾಳ 50 ಕೋಟಿ, ಠೇವಣಿ 25 ಕೋಟಿ.

ಇಲ್ಲಿ ಪದೇ ಪದೇ ಆಗುವ ತಪ್ಪು ಸಾಲವನ್ನು ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ನೋಡುವುದು. ವರ್ಷದ ಕೊನೆಗೆ ಗಿರಾಕಿಗಳಿಂದ ವಸೂಲಿ ಜೋರಾಗಿ ಕ್ಯಾಶ್ ಕ್ರೆಡಿಟ್ ಖಾತೆ ಇಳಿದಿರುತ್ತದೆ. ಕಾನೂನು ಕೇಳುವುದು ವರ್ಷದ ನಡುವೆ ಅದು ಏರಿದ ತುದಿಯನ್ನು. ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಎಲ್ಲ ಸಾಲ ಖಾತೆಗಳ ದಿನದಿನದ ಬಾಕಿಯನ್ನು ಕೂಡಿಸಿ ನೋಡಬೇಕು.

ಇನ್ನು ನಿಯಂತ್ರಣಗಳು. 143(3)(i) ಪ್ರಕಾರ ಸ್ಟ್ಯಾಚುಟರಿ ಆಡಿಟರು ಹಣಕಾಸು ಪಟ್ಟಿಗಳ ಮೇಲಷ್ಟೇ ಅಲ್ಲ, ಅವುಗಳಿಗೆ ಸಂಬಂಧಿಸಿದ ಆಂತರಿಕ ನಿಯಂತ್ರಣಗಳು ಸಾಕಷ್ಟಿವೆಯೇ, ನಿಜಕ್ಕೂ ನಡೆಯುತ್ತಿವೆಯೇ ಎಂಬುದರ ಮೇಲೂ ಪ್ರತ್ಯೇಕ ಅಭಿಪ್ರಾಯ ಕೊಡಬೇಕು. 2017ರ ಜೂನ್ 13ರ ಅಧಿಸೂಚನೆ ಪ್ರೈವೇಟ್ ಕಂಪನಿಗಳಲ್ಲಿ ಕೆಲವನ್ನು ಇದರಿಂದ ಬಿಟ್ಟಿದೆ: ಏಕವ್ಯಕ್ತಿ ಕಂಪನಿ, 'ಸಣ್ಣ ಕಂಪನಿ', ಮತ್ತು ವಹಿವಾಟು 50 ಕೋಟಿಗಿಂತ ಕಡಿಮೆ ಇದ್ದು ಜೊತೆಗೆ ಸಾಲವೂ ವರ್ಷವಿಡೀ 25 ಕೋಟಿಗಿಂತ ಕೆಳಗೇ ಇದ್ದ ಕಂಪನಿ. ಕೊನೆಯದರಲ್ಲಿ ಎರಡೂ ಷರತ್ತು ಒಟ್ಟಿಗೆ ನೆರವೇರಬೇಕು, ಒಂದು ಸಾಲದು. ಹಣಕಾಸು ಪಟ್ಟಿ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸದೆ ಬಾಕಿ ಉಳಿಸಿಕೊಂಡಿದ್ದರೆ ವಿನಾಯಿತಿ ಸಿಗುವುದಿಲ್ಲ. 'ಸಣ್ಣ ಕಂಪನಿ'ಯ ಮಿತಿಗಳನ್ನು ಸರ್ಕಾರ ಆಗಾಗ ಏರಿಸುತ್ತ ಬಂದಿದೆ, ಆಯಾ ವರ್ಷದ ಮಿತಿ ನೋಡಿಕೊಳ್ಳಿ.

ಈಗ ನಮ್ಮ ಪೀಣ್ಯದ ಕಂಪನಿಯನ್ನು ಈ ಗೆರೆಗಳ ಮೇಲೆ ಇಡಿ. ವಹಿವಾಟು 200 ಕೋಟಿ ಇಲ್ಲ, ಸಾಲ 100 ಕೋಟಿ ಇಲ್ಲ. ಆದ್ದರಿಂದ ಇಂಟರ್ನಲ್ ಆಡಿಟ್ ಕಡ್ಡಾಯವಲ್ಲ. ಆದರೆ ವಹಿವಾಟು 50 ಕೋಟಿ ದಾಟಿದೆ, ಸಾಲವೂ 25 ಕೋಟಿ ದಾಟಿದೆ. ಆದ್ದರಿಂದ ನಿಯಂತ್ರಣಗಳ ಮೇಲೆ ಸ್ಟ್ಯಾಚುಟರಿ ಆಡಿಟರ ಅಭಿಪ್ರಾಯ ಕಡ್ಡಾಯ. ಅಂದರೆ ಪರೀಕ್ಷೆ ಇದೆ, ಪರೀಕ್ಷೆಗೆ ಮೊದಲು ತಿದ್ದಿಕೊಡುವವರು ಇಲ್ಲ. ನಡುವಿನ ಈ ಪಟ್ಟಿಯಲ್ಲಿರುವ ಕಂಪನಿಗಳೇ ಆಯ್ಕೆಯ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳಬೇಕಾದವು.

66 ಬಿಲ್ಲು ಎರಡು ಸಲ ಹೋದದ್ದು ಹೇಗೆ

ಲಾರಿ ರಸೀದಿಗೆ, ಅಂದರೆ ಎಲ್‌ಆರ್‌ಗೆ, ಹಲವು ಪ್ರತಿಗಳಿರುತ್ತವೆ: ಮಾಲು ಕಳಿಸಿದವರಿಗೆ ಒಂದು, ತಲುಪಿದವರಿಗೆ ಒಂದು, ಚಾಲಕನ ಕೈಗೆ ಒಂದು. ಟ್ರಾನ್ಸ್‌ಪೋರ್ಟರ್ ತಿಂಗಳ ಮೊದಲ ವಾರ ಒಂದು ಪ್ರತಿ ಲಗತ್ತಿಸಿ ಬಿಲ್ಲು ಕೊಡುತ್ತಾರೆ. ಹಣ ತಡವಾದರೆ ಅವರ ಗುಮಾಸ್ತ ಇನ್ನೊಂದು ಪ್ರತಿ ಹಾಕಿ ಮತ್ತೆ ಕಳಿಸುತ್ತಾರೆ. ಮೊದಲ ಬಿಲ್ಲು TR/0451 ಎಂದು ಎಂಟ್ರಿಯಾಗಿರುತ್ತದೆ, ಎರಡನೆಯದು TR-451 ಎಂದು. ಅಕ್ಷರಕ್ಕೆ ಅಕ್ಷರ ಹೋಲಿಸುವ ಸಾಫ್ಟ್‌ವೇರಿಗೆ ಇವು ಎರಡು ಬೇರೆ ಬಿಲ್ಲು. ಕೆಲವೊಮ್ಮೆ ಇದು ಕಣ್ತಪ್ಪು, ಕೆಲವೊಮ್ಮೆ ಒಳಗಿನವರ ಕೈವಾಡ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಕಚ್ಚಾ ಮಾಲಿನ ಬಿಲ್ಲು ಹೀಗೆ ಎರಡು ಸಲ ಬಂದಿದ್ದರೆ ಜಿಎಸ್‌ಟಿಯೇ ಹಿಡಿದುಕೊಡುತ್ತಿತ್ತು. ಪೂರೈಕೆದಾರರು ಸಲ್ಲಿಸಿದ ಬಿಲ್ಲು ಜಿಎಸ್‌ಟಿಆರ್-2ಬಿಯಲ್ಲಿ ಒಂದೇ ಸಲ ಬರುತ್ತದೆ, ನಿಮ್ಮ ಪುಸ್ತಕದಲ್ಲಿ ಎರಡಿದ್ದರೆ ತಾಳೆಯಾಗುವುದಿಲ್ಲ. ಲಾರಿ ಬಾಡಿಗೆಯಲ್ಲಿ ಈ ಕಾವಲು ಬಹುಪಾಲು ಇಲ್ಲ. ರಿವರ್ಸ್ ಚಾರ್ಜ್ ಅಡಿಯಷ್ಟೇ ಸೇವೆ ಕೊಡುವ ಸಣ್ಣ ಟ್ರಾನ್ಸ್‌ಪೋರ್ಟರಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಅವರ ಬಿಲ್ಲು 2ಬಿಯಲ್ಲಿ ಕಾಣುವುದಿಲ್ಲ. ತೆರಿಗೆಯನ್ನು ನೀವೇ ಕಟ್ಟಿ ನೀವೇ ಕ್ರೆಡಿಟ್ ತೆಗೆದುಕೊಳ್ಳುವುದರಿಂದ, ಎರಡು ಸಲ ಕಟ್ಟಿದರೂ ಜೇಬಿಗೆ ಅದರ ಬಿಸಿ ತಟ್ಟುವುದಿಲ್ಲ. ಟಿಡಿಎಸ್ ಕಡೆಯೂ ಹಾಗೆಯೇ: ಹತ್ತು ಅಥವಾ ಅದಕ್ಕಿಂತ ಕಡಿಮೆ ಗೂಡ್ಸ್ ವಾಹನವಿರುವವರು ಪ್ಯಾನ್ ಜೊತೆ ಘೋಷಣೆ ಬರೆದುಕೊಟ್ಟರೆ ಕಡಿತವಿಲ್ಲ. ಹೊರಗಿನಿಂದ ಬಂದು ತಾಳೆ ನೋಡುವ ಯಾವ ದಾಖಲೆಯೂ ಇಲ್ಲದ ಖರ್ಚು ಇದು. ಇಂಥ ಕಡೆ ಒಳಗಿನ ನಿಯಂತ್ರಣವೊಂದೇ ಗತಿ.

ಮೊದಲ ಕಣ್ಣು: ನಿಯಂತ್ರಣ

ನಿಯಂತ್ರಣ ಎಂದರೆ ಹಣ ಹೊರಗೆ ಹೋಗುವ ಮುಂಚೆ ದಿನನಿತ್ಯ ನಡೆಯುವ ಕೆಲಸ. ಲಾರಿ ಬಾಡಿಗೆಗೆ ಅದು ಹೀಗಿರಬೇಕು. ಗೇಟಿನಲ್ಲಿ ಲಾರಿ ಹೊರಡುವಾಗ ರಿಜಿಸ್ಟರಿನಲ್ಲಿ ವಾಹನದ ನಂಬರು, ಎಲ್‌ಆರ್ ನಂಬರು, ಇ-ವೇ ಬಿಲ್ ನಂಬರು ಬರೆಯಬೇಕು. ಬಿಲ್ಲಿನ ಜೊತೆ ಒಂದೇ ಬಗೆಯ ಪ್ರತಿಯನ್ನು ಒಪ್ಪಬೇಕು: ಮಾಲು ಪಡೆದವರ ಸಹಿ, ಸೀಲು ಇರುವ ತಲುಪಿದ ಪ್ರತಿ. ಜೆರಾಕ್ಸ್ ಬಂದರೆ ವಾಪಸ್. ಡಿಸ್ಪ್ಯಾಚಿನವರು ಗೇಟ್ ರಿಜಿಸ್ಟರಿನ ಆ ಸಾಲಿನ ಎದುರು ಬಿಲ್ಲಿನ ನಂಬರು ಬರೆಯಬೇಕು. ಸಾಲಿನ ಎದುರು ಆಗಲೇ ಒಂದು ನಂಬರಿದ್ದರೆ ಬಿಲ್ಲು ಅಲ್ಲಿಗೇ ನಿಂತಿತು. ಪಾವತಿಯಾದ ಕೂಡಲೇ ಎಲ್‌ಆರ್ ಮೇಲೆ 'ಪಾವತಿಯಾಗಿದೆ' ಸೀಲು ಬೀಳಬೇಕು.

ಇಷ್ಟರಲ್ಲಿ ಎಲ್ಲಕ್ಕಿಂತ ಗಟ್ಟಿ ಹೆಜ್ಜೆ ಗೇಟ್ ರಿಜಿಸ್ಟರಿನದು, ಯಾಕೆಂದರೆ ಅದನ್ನು ಬರೆಯುವವರು ಅಕೌಂಟ್ಸ್ ವಿಭಾಗದವರಲ್ಲ. ಹಣ ಕೊಡುವವರ ಕೈ ತಲುಪದ ಜಾಗದಲ್ಲಿ ದಾಖಲೆ ಹುಟ್ಟಿದರೆ ಅದನ್ನು ತಿದ್ದಲು ಇಬ್ಬರು ಸೇರಬೇಕಾಗುತ್ತದೆ.

ಇವುಗಳನ್ನು ಬರಹಕ್ಕೆ ಇಳಿಸುವುದನ್ನು ರಿಸ್ಕ್-ಕಂಟ್ರೋಲ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಏನು ತಪ್ಪಾಗಬಹುದು, ತಡೆಯುವುದು ಯಾವುದು, ಯಾರು ಮಾಡುತ್ತಾರೆ, ಎಷ್ಟು ದಿನಕ್ಕೊಮ್ಮೆ, ಮಾಡಿದ್ದಕ್ಕೆ ಗುರುತೇನು – ಐದೇ ಕಾಲಮ್ಮು. ಬಹಳ ಕಡೆ ಇದು ದೊಡ್ಡ ಕಂಪನಿಯ ಫೈಲಿನಿಂದ ನಕಲಾಗಿ ಬಂದಿರುತ್ತದೆ. 'ಲಾಜಿಸ್ಟಿಕ್ಸ್ ಮ್ಯಾನೇಜರ್ ಪರಿಶೀಲಿಸುತ್ತಾರೆ' ಎಂದು ಬರೆದಿರುತ್ತದೆ. ಕಂಪನಿಯಲ್ಲಿ ಆ ಹುದ್ದೆಯೇ ಇರುವುದಿಲ್ಲ. ಐದನೇ ಕಾಲಮ್ಮನ್ನು ಮೊದಲು ನೋಡಿ. ಗುರುತು ಉಳಿಯದ ನಿಯಂತ್ರಣವನ್ನು ಯಾರೂ ಪರೀಕ್ಷಿಸಲಾರರು. 'ನಾವು ನೋಡೇ ಸಹಿ ಹಾಕೋದು' ಎಂಬ ಮಾತು ಆಡಿಟರ ಕಾಗದದಲ್ಲಿ ಪುರಾವೆ ಆಗುವುದಿಲ್ಲ.

ಎರಡನೇ ಕಣ್ಣು: ಇಂಟರ್ನಲ್ ಆಡಿಟರು

ಇಂಟರ್ನಲ್ ಆಡಿಟರು ಬಿಲ್ಲು ಪಾಸು ಮಾಡುವವರಲ್ಲ. ಪಾಸು ಮಾಡುವ ವ್ಯವಸ್ಥೆ ನಡೆಯುತ್ತಿದೆಯೇ, ಎಲ್ಲಿ ಸೋರುತ್ತಿದೆ ಎಂದು ವರ್ಷದ ನಡುವೆಯೇ ನೋಡಿ ಬೋರ್ಡಿಗೆ ಹೇಳುವವರು. ಅವರಿಗಿರುವ ಅನುಕೂಲ ದೊಡ್ಡದು: 'ಇಷ್ಟು ಮೊತ್ತದ ಕೆಳಗೆ ನೋಡಬೇಕಿಲ್ಲ' ಎಂಬ ಗೆರೆಯನ್ನು ಬೋರ್ಡಿನ ಜೊತೆ ಕೂತು ನಿಗದಿ ಮಾಡಿಕೊಳ್ಳಬಹುದು. ಕೆಲಸದ ವ್ಯಾಪ್ತಿ, ಅವಧಿ, ವಿಧಾನ ಎಲ್ಲವನ್ನೂ ಬೋರ್ಡು ಅಥವಾ ಆಡಿಟ್ ಕಮಿಟಿ ಇಂಟರ್ನಲ್ ಆಡಿಟರ ಜೊತೆ ಮಾತಾಡಿ ತೀರ್ಮಾನಿಸಬೇಕೆಂದು 13ನೇ ನಿಯಮವೇ ಹೇಳುತ್ತದೆ.

ಲಾರಿ ಬಾಡಿಗೆಗೆ ಅವರು ಸ್ಯಾಂಪಲ್ ತೆಗೆಯುವ ಅಗತ್ಯವೇ ಇಲ್ಲ. 3,500 ಸಾಲುಗಳನ್ನೂ ಎಕ್ಸೆಲ್‌ಗೆ ಇಳಿಸಿಕೊಂಡು, ಬಿಲ್ಲಿನ ನಂಬರನ್ನು ಪಕ್ಕಕ್ಕಿಟ್ಟು, ಯಾರೂ ಸುಲಭಕ್ಕೆ ಬದಲಿಸಲಾಗದ ಗುರುತುಗಳ ಮೇಲೆ ಹುಡುಕುತ್ತಾರೆ. ಬಿ ಕಾಲಮ್ಮಿನಲ್ಲಿ ವಾಹನದ ನಂಬರು, ಸಿಯಲ್ಲಿ ಎಲ್‌ಆರ್ ನಂಬರು, ಡಿಯಲ್ಲಿ ಮೊತ್ತ ಇದ್ದರೆ:

```
=COUNTIFS($B:$B,$B2,$C:$C,$C2,$D:$D,$D2)
```

ಉತ್ತರ 1ಕ್ಕಿಂತ ಹೆಚ್ಚು ಬಂದ ಸಾಲುಗಳನ್ನೆಲ್ಲ ಕೈಯಲ್ಲಿ ತೆಗೆದು ನೋಡಬೇಕು. ಅದಕ್ಕೆ ಮುಂಚೆ ವಾಹನದ ನಂಬರಿನ ನಡುವಿನ ಖಾಲಿ ಜಾಗ, ಎಲ್‌ಆರ್ ನಂಬರಿನ ಗೆರೆ, ಓರೆಗೆರೆಗಳನ್ನು ತೆಗೆದು ಒಂದೇ ರೂಪಕ್ಕೆ ತರದಿದ್ದರೆ ಹುಡುಕಾಟ ವ್ಯರ್ಥ. ದಿನಾಂಕವನ್ನು ಹೋಲಿಕೆಗೆ ಸೇರಿಸಬೇಡಿ. ಎರಡನೇ ಬಿಲ್ಲಿನಲ್ಲಿ ಮೊದಲು ಬದಲಾಗುವುದೇ ದಿನಾಂಕ. ಇನ್ನೊಮ್ಮೆ ಮೊತ್ತವನ್ನೂ ಬಿಟ್ಟು ವಾಹನ, ಎಲ್‌ಆರ್ ಎರಡರ ಮೇಲೆಯೇ ಓಡಿಸಿ. ಎರಡನೇ ಸಲ ಹಮಾಲಿ, ವೇಟಿಂಗ್ ಚಾರ್ಜು ಸೇರಿ ಮೊತ್ತ ಸ್ವಲ್ಪ ಬೇರೆಯಾಗಿದ್ದವು ಆಗ ಸಿಗುತ್ತವೆ.

ಕೊನೆಗೆ ಪಾವತಿಯ ಪಟ್ಟಿಯನ್ನು ಗೇಟ್ ರಿಜಿಸ್ಟರಿನ ಜೊತೆ ಹೊಂದಿಸಬೇಕು. ಬಿಲ್ಲು ಇದೆ, ಗೇಟಿನಲ್ಲಿ ಆ ಲಾರಿಯೇ ಇಲ್ಲ ಎಂದಾದರೆ ಅದು ಎರಡನೇ ಪಾವತಿಯಲ್ಲ, ನಡೆಯದೇ ಇದ್ದ ಸಾಗಣೆ. ಅದರ ವಿಚಾರಣೆಯೇ ಬೇರೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಗಳ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಪಾವತಿಯಾದ ಮೇಲೆ ಬಿಲ್ಲಿನ ನಂಬರು ಬದಲಾಗಿದ್ದರೆ ಯಾರ ಲಾಗಿನ್‌ನಿಂದ, ಯಾವ ದಿನ ಎಂದು ಅಲ್ಲಿ ಕಾಣುತ್ತದೆ. ಕಣ್ತಪ್ಪನ್ನೂ ಕೈವಾಡವನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ.

ಮೂರನೇ ಕಣ್ಣು: ಸ್ಟ್ಯಾಚುಟರಿ ಆಡಿಟರು

ಇವರನ್ನು ನೇಮಿಸುವುದು ಬೋರ್ಡಲ್ಲ, ವಾರ್ಷಿಕ ಸಭೆಯಲ್ಲಿ ಷೇರುದಾರರು. ಸಾಮಾನ್ಯವಾಗಿ ಐದು ವರ್ಷಕ್ಕೆ. ಅವಧಿ ಮುಗಿಯುವ ಮೊದಲು ತೆಗೆಯಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಮತ್ತು ವಿಶೇಷ ನಿರ್ಣಯ ಎರಡೂ ಬೇಕು. ಕಾರಣ ಸ್ಪಷ್ಟ: ಅವರ ವರದಿ ಮಾಲೀಕರ ಮೇಜಿಗಲ್ಲ, ಲೆಕ್ಕಪತ್ರ ನಂಬಿ ಹಣ ಹಾಕಿದವರಿಗೆ, ಸಾಲ ಕೊಟ್ಟವರಿಗೆ. ಅವರು ಉತ್ತರಿಸುವ ಪ್ರಶ್ನೆ 'ಹಣ ಎಲ್ಲಿ ಸೋರಿತು' ಎಂಬುದಲ್ಲ. 'ಓದುವವರ ತೀರ್ಮಾನ ತಪ್ಪಿಸುವಷ್ಟು ದೊಡ್ಡ ತಪ್ಪು ಈ ಹಣಕಾಸು ಪಟ್ಟಿಗಳಲ್ಲಿ ಇದೆಯೇ' ಎಂಬುದು.

'ಅಷ್ಟು ದೊಡ್ಡ' ಎಂಬುದಕ್ಕೆ ಅವರ ಭಾಷೆಯಲ್ಲಿ ಮಟೀರಿಯಾಲಿಟಿ ಎಂದು ಹೆಸರು. ಕಾನೂನಿನಲ್ಲಿ ಇದಕ್ಕೆ ನಿಗದಿತ ಅಂಕಿ ಇಲ್ಲ. ಲಾಭವಿರುವ ಕಂಪನಿಯಲ್ಲಿ ತೆರಿಗೆಗೆ ಮುಂಚಿನ ಲಾಭದ 5%ರಿಂದ ಲೆಕ್ಕ ಶುರುಮಾಡುವುದು ರೂಢಿ. ನಮ್ಮ ಕಂಪನಿಗೆ ಅದು 35 ಲಕ್ಷ. ಎರಡು ಸಲ ಹೋದದ್ದು 7.92 ಲಕ್ಷ, ಗೆರೆಯ ನಾಲ್ಕನೇ ಒಂದು ಭಾಗವೂ ಆಗುವುದಿಲ್ಲ.

"ಆದರೂ ವೋಚರ್ ನೋಡ್ತಾರಲ್ಲ?" ನೋಡುತ್ತಾರೆ. 4.2 ಕೋಟಿಯ ಖಾತೆಯನ್ನು ಯಾವ ಆಡಿಟರೂ ಬಿಡುವುದಿಲ್ಲ. 3,500ರಲ್ಲಿ 30 ಬಿಲ್ಲು ಆರಿಸಿದರು ಎಂದುಕೊಳ್ಳಿ. ಎರಡನೇ ಸಲ ಪಾವತಿಯಾದ 66ರಲ್ಲಿ ಒಂದಾದರೂ ಆ 30ರೊಳಗೆ ಬರುವ ಸಂಭವ 40%ಕ್ಕೂ ಹೆಚ್ಚು. ಕೇಳಲು ಸಮಾಧಾನ. ಆದರೆ ಬಂದರೇನು? ಆ ವೋಚರಿನಲ್ಲಿ ಬಿಲ್ಲು ಇದೆ, ಎಲ್‌ಆರ್ ಪ್ರತಿ ಇದೆ, ಸಹಿ ಇದೆ, ಬ್ಯಾಂಕಿನಿಂದ ಹಣ ಹೋಗಿದೆ. ಒಂಟಿಯಾಗಿ ನೋಡಿದರೆ ಯಾವ ಕೊರತೆಯೂ ಇಲ್ಲ. ತಪ್ಪು ಕಾಣಬೇಕಾದರೆ ಜೋಡಿಯ ಎರಡೂ ಬಿಲ್ಲು ಅದೇ 30ರೊಳಗೆ ಬರಬೇಕು. 66 ಜೋಡಿಗಳಲ್ಲಿ ಯಾವುದಾದರೂ ಒಂದು ಹಾಗೆ ಬರುವ ಸಂಭವ ಅರ್ಧ ಶೇಕಡಾಕ್ಕೂ ಕಡಿಮೆ. ಆಡಿಟರು ಸೋಮಾರಿಗಳು ಎಂದು ಇದರ ಅರ್ಥವಲ್ಲ. ಸ್ಯಾಂಪಲ್ ಎಂಬ ಸಲಕರಣೆಯೇ ಜೋಡಿ ಹುಡುಕಲು ಮಾಡಿದ್ದಲ್ಲ.

ಅನುಪಾತ ನೋಡಿದರೂ ಸಿಗುವುದಿಲ್ಲ. ಮಾರಾಟಕ್ಕೆ ಹೋಲಿಸಿದರೆ ಬಾಡಿಗೆ 3%. ಎರಡನೇ ಪಾವತಿಗಳನ್ನು ತೆಗೆದರೆ 2.94%. ಡೀಸೆಲ್ ಬೆಲೆ ಸ್ವಲ್ಪ ಅಲುಗಾಡಿದರೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

ಹಾಗಾದರೆ ಸ್ಟ್ಯಾಚುಟರಿ ಆಡಿಟರಿಗೆ ಇದು ಸಂಬಂಧವಿಲ್ಲವೇ? ಸಂಬಂಧವಿದೆ, ಆದರೆ ಇನ್ನೊಂದು ಬಾಗಿಲಿನಿಂದ. ನಿಯಂತ್ರಣಗಳ ಮೇಲೆ ಅಭಿಪ್ರಾಯ ಕೊಡುವಾಗ ಅವರು ಒಂದು ಬಿಲ್ಲನ್ನು ಹಿಡಿದು ಗೇಟಿನಿಂದ ಬ್ಯಾಂಕಿನವರೆಗೆ ಅದರ ದಾರಿಯಲ್ಲೇ ನಡೆದು ನೋಡುತ್ತಾರೆ. 'ಅದೇ ಎಲ್‌ಆರ್ ಮತ್ತೆ ಬಂದರೆ ಎಲ್ಲಿ ನಿಲ್ಲುತ್ತದೆ?' ಎಂದು ಕೇಳಿದಾಗ ಉತ್ತರ ಇಲ್ಲದಿದ್ದರೆ ಅದು ಕೊರತೆ. ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಕೊರತೆಯ ತೂಕವನ್ನು ಅವರು ನಿಜಕ್ಕೂ ಎಷ್ಟು ಹೋಗಿದೆ ಎಂಬುದರಿಂದಷ್ಟೇ ಅಳೆಯುವುದಿಲ್ಲ, ಆ ಕಂಡಿಯಿಂದ ಎಷ್ಟು ಹೋಗಬಹುದಿತ್ತು ಎಂಬುದನ್ನೂ ಎಣಿಸುತ್ತಾರೆ. 4.2 ಕೋಟಿಯ ಖರ್ಚಿನಲ್ಲಿ ತಡೆಯೇ ಇಲ್ಲವೆಂದರೆ 35 ಲಕ್ಷದ ತಪ್ಪು ಅಸಾಧ್ಯವಲ್ಲ. ಬೇರೆಲ್ಲೂ ಅದನ್ನು ಹಿಡಿಯುವ ತಡೆ ಇಲ್ಲದಿದ್ದರೆ ಅದು ಮಟೀರಿಯಲ್ ವೀಕ್‌ನೆಸ್ ಎನಿಸಿ, ನಿಯಂತ್ರಣಗಳ ಮೇಲಿನ ಅಭಿಪ್ರಾಯ ಕೆಡುತ್ತದೆ. ಲೆಕ್ಕಪತ್ರದ ಮೇಲಿನ ಅಭಿಪ್ರಾಯ ಸ್ವಚ್ಛವಾಗಿದ್ದು ಇದೊಂದೇ ಕೆಡಬಹುದು. ಬ್ಯಾಂಕಿನವರು ಲಿಮಿಟ್ ನವೀಕರಿಸುವಾಗ ಎರಡನ್ನೂ ಓದುತ್ತಾರೆ.

ನೌಕರರ ಕೈವಾಡವೆಂದು ಅವರಿಗೆ ನಂಬಲು ಕಾರಣ ಸಿಕ್ಕರೆ 143(12) ಜಾರಿಗೆ ಬರುತ್ತದೆ. ಮೊತ್ತ 1 ಕೋಟಿಗಿಂತ ಕಡಿಮೆಯಿದ್ದರೆ ತಿಳಿದ ಎರಡು ದಿನದೊಳಗೆ ಬೋರ್ಡಿಗೆ ಅಥವಾ ಆಡಿಟ್ ಕಮಿಟಿಗೆ ಬರೆಯಬೇಕು, ಅದರ ವಿವರ ಬೋರ್ಡಿನ ವರದಿಯಲ್ಲಿ ಬರಬೇಕು. 1 ಕೋಟಿ ಮುಟ್ಟಿದರೆ ವಿಷಯ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ. ಇಂಟರ್ನಲ್ ಆಡಿಟರ ಮೇಲೆ ಈ ಕರ್ತವ್ಯ ಇಲ್ಲ. ಅವರು ಹೇಳಬೇಕಾದದ್ದು ಬೋರ್ಡಿಗೆ.

ಹಾಗಾದರೆ ಯಾವುದಕ್ಕೆ ಮೊದಲು ಹಣ?

ನಮ್ಮ ಅಭಿಪ್ರಾಯದಲ್ಲಿ, ಇಂಟರ್ನಲ್ ಆಡಿಟ್ ಕಡ್ಡಾಯವಿಲ್ಲದ ಕಂಪನಿ ಮೊದಲ ವರ್ಷದ ಹಣವನ್ನು ನಿಯಂತ್ರಣ ಬರೆದು ನಡೆಸುವುದಕ್ಕೆ ಹಾಕಬೇಕು, ಇಂಟರ್ನಲ್ ಆಡಿಟಿಗಲ್ಲ. ನಿಯಂತ್ರಣವೇ ಇಲ್ಲದ ಕಡೆ ಇಂಟರ್ನಲ್ ಆಡಿಟರನ್ನು ತಂದರೆ ವರದಿಯ ಪ್ರತಿ ಪುಟದಲ್ಲೂ 'ಪದ್ಧತಿ ಇಲ್ಲ' ಎಂದೇ ಬರುತ್ತದೆ. ಅದು ನಿಮಗೆ ಮೊದಲೇ ಗೊತ್ತಿತ್ತು. ಎರಡು ತ್ರೈಮಾಸಿಕ ನಿಯಂತ್ರಣ ನಡೆದ ಮೇಲೆ, ಹಣ ಹೆಚ್ಚು ಓಡಾಡುವ ಮೂರ್ನಾಲ್ಕು ದಾರಿಗಳಿಗೆ ಮಾತ್ರ ಇಂಟರ್ನಲ್ ಆಡಿಟ್ ಹಾಕಿ. ಸಾಗಣೆ, ಸ್ಕ್ರ್ಯಾಪ್ ಮಾರಾಟ, ಗುತ್ತಿಗೆ ಕಾರ್ಮಿಕರ ಹಾಜರಿ, ಜಾಬ್‌ವರ್ಕಿಗೆ ಹೊರಗೆ ಹೋದ ಮಾಲು: ತಯಾರಿಕಾ ಕಂಪನಿಯಲ್ಲಿ ಹೊರಗಿನ ತಾಳೆ ಕಡಿಮೆ ಇರುವ ಜಾಗಗಳು ಇವೇ.

ಒಂದು ವಿನಾಯಿತಿ ಇದೆ. ಮಾಲೀಕರು ದಿನವೂ ಕಾರ್ಖಾನೆಗೆ ಬರದ ಕಂಪನಿ, ಅಥವಾ ಎರಡನೇ ಊರಿನಲ್ಲಿ ಘಟಕ ತೆರೆದ ಕಂಪನಿ ಎರಡನ್ನೂ ಒಟ್ಟಿಗೆ ಶುರುಮಾಡುವುದು ಒಳ್ಳೆಯದು. ಮಾಲೀಕರ ಕಣ್ಣೇ ನಿಯಂತ್ರಣವಾಗಿದ್ದ ಜಾಗದಲ್ಲಿ ಆ ಕಣ್ಣು ಸರಿದ ದಿನವೇ ಕಂಡಿ ತೆರೆಯುತ್ತದೆ.

ಕಡ್ಡಾಯವಿಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಬರುವುದಿಲ್ಲ ಎಂದೂ ಅಲ್ಲ. ಆಡಿಟ್ ವರದಿಯಲ್ಲಿ ಏನೇನು ಬರೆಯಬೇಕೆಂದು ಹೇಳುವ ಸರ್ಕಾರಿ ಆದೇಶವಾದ ಕಾರೋ 2020 ಅನ್ವಯಿಸುವ ಕಂಪನಿಯಲ್ಲಿ, ಗಾತ್ರಕ್ಕೆ ತಕ್ಕ ಇಂಟರ್ನಲ್ ಆಡಿಟ್ ವ್ಯವಸ್ಥೆ ಇದೆಯೇ, ಅದರ ವರದಿಗಳನ್ನು ತಾವು ಪರಿಗಣಿಸಿದ್ದೇವೆಯೇ ಎಂದು ಸ್ಟ್ಯಾಚುಟರಿ ಆಡಿಟರು 14ನೇ ಕಲಮಿನಲ್ಲಿ ಬರೆಯಬೇಕು.

ಯಾರನ್ನು ನೇಮಿಸುವುದು

ಸ್ಟ್ಯಾಚುಟರಿ ಆಡಿಟರಿಗೇ ಇಂಟರ್ನಲ್ ಆಡಿಟನ್ನೂ ಕೊಟ್ಟರೆ ಖರ್ಚು ಉಳಿಯುತ್ತದೆ ಎಂಬ ಯೋಚನೆ ಬೇಡ. 144ನೇ ಸೆಕ್ಷನ್ ಅದನ್ನು ನೇರವಾಗಿ ನಿಷೇಧಿಸಿದೆ, ಅವರ ಪಾಲುದಾರರ ಅಥವಾ ಸಂಬಂಧಿಗಳ ಇನ್ನೊಂದು ಸಂಸ್ಥೆಯ ಹೆಸರಿನಲ್ಲಿ ಸುತ್ತಿ ಬರುವುದನ್ನೂ ನಿಷೇಧಿಸಿದೆ. ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್ ಮಾಡುವ ಸಿಎ ಕೂಡ ಅದೇ ಸಂಸ್ಥೆಯ ಇಂಟರ್ನಲ್ ಆಡಿಟರಾಗುವಂತಿಲ್ಲ; ಇದು ಸಿಎ ಸಂಸ್ಥೆಯ ನಿಲುವು. ಸಣ್ಣ ಊರುಗಳಲ್ಲಿ ಇದು ಮರೆತೇ ಹೋಗಿರುತ್ತದೆ.

ಉಳಿದಂತೆ ಕಾನೂನು ಕೈ ಬಿಚ್ಚಿದೆ. ಸಿಎ ಆಗಬಹುದು, ಕಾಸ್ಟ್ ಅಕೌಂಟೆಂಟ್ ಆಗಬಹುದು, ಬೋರ್ಡು ಒಪ್ಪಿದ ಬೇರೆ ವೃತ್ತಿಪರರಾಗಬಹುದು. ಕಂಪನಿಯ ನೌಕರರೂ ಆಗಬಹುದು. ತಯಾರಿಕಾ ಕಂಪನಿಗೆ ಕಾಸ್ಟ್ ಅಕೌಂಟೆಂಟನ್ನು ಕಡೆಗಣಿಸಬೇಡಿ. ಕಚ್ಚಾ ಮಾಲಿನ ಇಳುವರಿ, ಸ್ಕ್ರ್ಯಾಪಿನ ಪ್ರಮಾಣ ಅವರಿಗೆ ಬೇಗ ಅರ್ಥವಾಗುತ್ತದೆ. ಒಳಗಿನ ನೌಕರರಿಗೆ ಕಾರ್ಖಾನೆಯ ಮೂಲೆಮೂಲೆ ಗೊತ್ತು, ಆದರೆ ಸಂಬಳ ಹೆಚ್ಚಳ ಯಾರ ಕೈಯಲ್ಲಿದೆ ಎಂಬುದೂ ಗೊತ್ತು. ಹೊರಗಿನ ಸಂಸ್ಥೆಗೆ ಆ ಹಂಗಿಲ್ಲ. ಬದಲಿಗೆ ಪ್ರತಿ ಸಲ ಹೊಸ ಆರ್ಟಿಕಲ್ ವಿದ್ಯಾರ್ಥಿಗಳು ಬಂದು ಅದೇ ಪ್ರಶ್ನೆ ಕೇಳುವ ತೊಂದರೆ ಇದೆ. ಒಪ್ಪಂದದಲ್ಲಿ ಎಷ್ಟು ದಿನ ಯಾವ ಅನುಭವದವರು ಬರುತ್ತಾರೆ ಎಂದು ಬರೆಸಿಕೊಳ್ಳಿ.

ಯಾರೇ ಆದರೂ ಒಂದು ಕೆಲಸ ಮಾತ್ರ ಅವರಿಗೆ ಕೊಡಬಾರದು: ಪಾವತಿಗೆ ಮುಂಚೆ ಬಿಲ್ಲು ನೋಡಿ ಸಹಿ ಹಾಕುವ 'ಪ್ರೀ-ಆಡಿಟ್'. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಕೆಲವು ಕಡೆ ಇಂಟರ್ನಲ್ ಆಡಿಟ್ ಎಂದರೆ ಅದೇ ಎಂದುಕೊಂಡಿದ್ದಾರೆ. ಆ ಸಹಿ ಬಿದ್ದ ಕೂಡಲೇ ಅವರು ಪರೀಕ್ಷಕರಾಗಿ ಉಳಿಯುವುದಿಲ್ಲ, ಪಾವತಿಯ ಒಂದು ಹೆಜ್ಜೆಯಾಗುತ್ತಾರೆ. ಅಕೌಂಟ್ಸ್‌ನವರು 'ಆಡಿಟ್‌ನವರು ನೋಡ್ತಾರೆ' ಎಂದು ಕೈಬಿಡುತ್ತಾರೆ, ಆಡಿಟ್‌ನವರು 'ಅಕೌಂಟ್ಸ್‌ನವರು ನೋಡಿರ್ತಾರೆ' ಎಂದು ಸಹಿ ಹಾಕುತ್ತಾರೆ. 66 ಬಿಲ್ಲು ಹೋಗುವುದು ಈ ಎರಡು ಸಹಿಗಳ ನಡುವೆಯೇ. ಮುಂದೆ ಅವರು ಹುಡುಕಲು ಹೊರಟರೆ ಹುಡುಕಬೇಕಾದದ್ದು ತಮ್ಮದೇ ತಪ್ಪನ್ನು. ಪ್ರೀ-ಆಡಿಟ್ ಬೇಕೆಂದರೆ ಅದಕ್ಕೆ ಅಕೌಂಟ್ಸ್ ವಿಭಾಗದಲ್ಲೇ ಬೇರೆ ವ್ಯಕ್ತಿಯನ್ನು ಇಡಿ.

ವರದಿ ಯಾರ ಕೈಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಕರಡನ್ನು ಅಕೌಂಟ್ಸ್ ಮ್ಯಾನೇಜರ್ ನೋಡಿ ಉತ್ತರ ಬರೆಯಲಿ, ಆದರೆ ಅವರು ಯಾವ ಅಂಶವನ್ನೂ ಅಳಿಸುವಂತಿರಬಾರದು. ವರ್ಷದ ನಾಲ್ಕು ವರದಿಗಳಲ್ಲಿ ಅದೇ ಅಂಶ ಅದೇ ಪದಗಳಲ್ಲಿ ಮತ್ತೆ ಬಂದಿದ್ದರೆ, ಬೋರ್ಡಿನಲ್ಲಿ ಅದನ್ನು ಯಾರೂ ಓದುತ್ತಿಲ್ಲ ಎಂದೇ ಅರ್ಥ.

ಮಾರ್ಚ್ 31ಕ್ಕೆ ಮುಂಚಿನ ಲೆಕ್ಕ

ನಿಯಂತ್ರಣಗಳ ಮೇಲೆ ಸ್ಟ್ಯಾಚುಟರಿ ಆಡಿಟರ ಅಭಿಪ್ರಾಯ ಬ್ಯಾಲೆನ್ಸ್ ಶೀಟಿನ ದಿನಕ್ಕೆ ಅನ್ವಯಿಸುತ್ತದೆ. ಇದರಲ್ಲಿ ನಿಮಗೊಂದು ಅವಕಾಶವಿದೆ. ಅಕ್ಟೋಬರಿನಲ್ಲಿ ಸಿಕ್ಕ ಕೊರತೆಯನ್ನು ತಿದ್ದಿ, ತಿದ್ದಿದ ಪದ್ಧತಿ ಸಾಕಷ್ಟು ಸಲ ನಡೆದು ತೋರಿಸಿದ್ದರೆ ಅದು ವರ್ಷಾಂತ್ಯದ ಅಭಿಪ್ರಾಯವನ್ನು ಕೆಡಿಸಬೇಕಿಲ್ಲ. ದಿನಕ್ಕೆ ಹಲವು ಸಲ ನಡೆಯುವ ನಿಯಂತ್ರಣಕ್ಕೆ ಆಡಿಟರು ಸಾಮಾನ್ಯವಾಗಿ 25ರ ಆಸುಪಾಸು ಸ್ಯಾಂಪಲ್ ಕೇಳುತ್ತಾರೆ, ತಿಂಗಳಿಗೊಮ್ಮೆಯದಕ್ಕೆ ಕನಿಷ್ಠ ಎರಡು ತಿಂಗಳದ್ದು. ಗೇಟ್ ರಿಜಿಸ್ಟರಿನ ತಾಳೆ ಜನವರಿಯಲ್ಲಿ ಶುರುವಾದರೂ ಸಾಕಾಗಬಹುದು. ಟ್ರಾನ್ಸ್‌ಪೋರ್ಟರುಗಳ ಖಾತೆಯ ತಿಂಗಳ ಹೊಂದಾಣಿಕೆ ಮಾರ್ಚಿನಲ್ಲಿ ಶುರುವಾದರೆ ಸಾಲದು. ಮಾರ್ಚ್ 28ರಂದು ಹೊರಡಿಸಿದ ಸುತ್ತೋಲೆಗೆ ಯಾವ ಬೆಲೆಯೂ ಇಲ್ಲ.

ಇಂಟರ್ನಲ್ ಆಡಿಟರ ಕೆಲಸವನ್ನು ಸ್ಟ್ಯಾಚುಟರಿ ಆಡಿಟರು ಬಳಸಿಕೊಳ್ಳಬಹುದು. ಎಸ್‌ಎ 610 ಎಂಬ ಆಡಿಟಿಂಗ್ ಮಾನದಂಡ ಇದಕ್ಕೆ ದಾರಿ ಹೇಳುತ್ತದೆ. ಮೊದಲು ಇಂಟರ್ನಲ್ ಆಡಿಟರ ಸ್ವಾತಂತ್ರ್ಯ, ಸಾಮರ್ಥ್ಯ, ಕೆಲಸದ ಶಿಸ್ತನ್ನು ಅವರು ತೂಗುತ್ತಾರೆ, ಕೆಲವನ್ನು ತಾವೇ ಮತ್ತೆ ಮಾಡಿ ನೋಡುತ್ತಾರೆ. ಅಭಿಪ್ರಾಯದ ಹೊಣೆ ಮಾತ್ರ ಪೂರ್ತಿ ಅವರದೇ. ಪ್ರೀ-ಆಡಿಟ್ ಸಹಿ ಹಾಕುವ ಇಂಟರ್ನಲ್ ಆಡಿಟರ ಕಾಗದ ಈ ತೂಕದಲ್ಲೇ ಬಿದ್ದುಹೋಗುತ್ತದೆ.

ಇನ್ನು ಹೋದ 7.92 ಲಕ್ಷ. ಎರಡೂ ಬಿಲ್ಲು, ಎಲ್‌ಆರ್‌ನ ಎರಡೂ ಪ್ರತಿ, ಎರಡೂ ಪಾವತಿಯ ಯುಟಿಆರ್ ನಂಬರು – ಇಷ್ಟನ್ನು ಜೋಡಿ ಜೋಡಿಯಾಗಿ ಒಂದು ಪಟ್ಟಿಯಲ್ಲಿ ಹಾಕಿ ಟ್ರಾನ್ಸ್‌ಪೋರ್ಟರಿಗೆ ಕಳಿಸಿ, ಅವರ ಪುಸ್ತಕದ ನಿಮ್ಮ ಖಾತೆಯ ಪ್ರತಿ ಕೇಳಿ. ಅಲ್ಲಿ ಹಣ ನಿಮ್ಮ ಜಮೆಯಾಗಿ ಕೂತಿದ್ದರೆ ಅದು ಕಣ್ತಪ್ಪು, ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಅವರ ಪುಸ್ತಕದಲ್ಲಿ ಆ ಹಣ ಬಂದೇ ಇಲ್ಲವೆಂದರೆ, ಯುಟಿಆರ್ ಹಿಡಿದು ಅದು ಯಾವ ಬ್ಯಾಂಕ್ ಖಾತೆಗೆ ಹೋಯಿತು ಎಂದು ಅದೇ ದಿನ ನೋಡಬೇಕು, ಮತ್ತು ವೆಂಡರ್ ಮಾಸ್ಟರಿನಲ್ಲಿ ಆ ಖಾತೆ ನಂಬರು ಬದಲಿಸಿದ ಲಾಗಿನ್ ಯಾರದೆಂದು ಕೂಡ.